ಬೀಗ ಮುರಿದಿಲ್ಲ, ಬಾಗಿಲು ಮಾತ್ರ ತೆರೆದಿದೆ: ಶೆಡ್ಡಿನ ಚಿಲಕ ಎಲ್ಲಿ ಸೋಲುತ್ತದೆ, ಹೇಗೆ ಸರಿ ಮಾಡೋದು

ಬೆಳಗ್ಗೆ ಎದ್ದು ನೋಡಿದರೆ ಶೆಡ್ಡಿನ ಬಾಗಿಲು ಹಾರು ಹೊಡೆದಿತ್ತು. ಬೀಗಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಹ್ಯಾಸ್ಪ್, ಅಂದರೆ ಕೊಂಡಿಯ ಮೇಲೆ ಮಡಚಿ ಬೀಗ ಹಾಕುವ ಪಟ್ಟಿ, ಅದರ ತುದಿಯಲ್ಲಿ ಬೀಗ ಹಾಗೇ ನೇತಾಡುತ್ತಿತ್ತು, ಬೀಗದ ಜೊತೆಗೆ ಕೊಂಡಿ, ಕೊಂಡಿಯ ಜೊತೆಗೆ ಅದನ್ನು ಹಿಡಿದಿದ್ದ ನಾಲ್ಕು ಸ್ಕ್ರೂ. ಅಂದರೆ ಬಂದವನು ಬೀಗದ ತಂಟೆಗೇ ಹೋಗಿಲ್ಲ. ಕೊಂಡಿಯ ಹಿಂದೆ ಒಂದು ಸಲಾಕೆ ತೂರಿಸಿ ಮೀಟಿದ್ದಾನೆ, ಅಷ್ಟೇ. ನಾನು ದುಡ್ಡು ಸುರಿದಿದ್ದು ಬೀಗಕ್ಕೆ, ಬಾಗಿಲು ನಿಂತಿದ್ದು ಆ ನಾಲ್ಕು ಸ್ಕ್ರೂ ಮೇಲೆ.

ಬಾಗಿಲು ಹೇಗಿದೆ ಅಂತ ಮೊದಲೇ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ಎರಡು ಕದದ ಮರದ ಬಾಗಿಲು, ಹೊರಗೆ ತೆರೆಯುತ್ತದೆ. ಹಲಗೆ 20 ಎಂಎಂ ದಪ್ಪ. ಒಳಗಡೆ ಮೇಲೆ, ಮಧ್ಯೆ, ಕೆಳಗೆ ಅಷ್ಟೇ ದಪ್ಪದ ಅಡ್ಡಪಟ್ಟಿಗಳಿವೆ. ಎಡಗಡೆ ಕದಕ್ಕೆ ಒಳಗಿನಿಂದ ಮೇಲೊಂದು ಕೆಳಗೊಂದು ಟವರ್ ಬೋಲ್ಟ್, ಅಂದರೆ ಸರಳು ಸರಿಸಿ ಹಾಕುವ ಚಿಲಕ. ಬಲಗಡೆ ಕದ ಎಡಗಡೆಯದಕ್ಕೆ ಹ್ಯಾಸ್ಪಿನಿಂದ ಕೂಡಿಕೊಳ್ಳುತ್ತದೆ. ಮಡಚುವ ಪಟ್ಟಿ ಬಲಕದದ ಮೇಲೆ, ಬೀಗ ತೂರಿಸುವ ಕೊಂಡಿ ಎಡಕದದ ಮೇಲೆ. ನಿಮ್ಮದು ಒಂದೇ ಕದದ ಬಾಗಿಲಾದರೆ ಕೊಂಡಿ ಚೌಕಟ್ಟಿನ ಮೇಲಿರುತ್ತದೆ, ಉಳಿದ ಲೆಕ್ಕ ಅದೇ.

ಕಿತ್ತುಬಂದ ಸ್ಕ್ರೂ ಎಸೆಯಬೇಡಿ

ಏನು ಸೋತಿತು ಅನ್ನೋದು ಆ ಸ್ಕ್ರೂಗಳ ಮೇಲೇ ಬರೆದಿರುತ್ತದೆ. ನನ್ನದನ್ನು ಬೆಳಕಿಗೆ ಹಿಡಿದು ನೋಡಿದೆ. ಮರೆಯ ಸಂದಿಯಲ್ಲಿ, ಅಂದರೆ ಸ್ಕ್ರೂವಿನ ಸುರುಳಿಯಲ್ಲಿ, ಮರದ ನಾರು ತುಂಬಿತ್ತು. ನಾರು ಒಣಗಿತ್ತು, ಹೊಸದಾಗಿ ಹರಿದ ಬಿಳಿ ಬಣ್ಣ. ಹಲಗೆಯ ತೂತಿನ ಬಾಯಿ ಹೂವಿನ ಹಾಗೆ ಹೊರಗೆ ಅರಳಿತ್ತು. ಇದರ ಅರ್ಥ ಮರ ಚೆನ್ನಾಗಿದೆ, ಸ್ಕ್ರೂ ಗಟ್ಟಿಯಾಗೇ ಹಿಡಿದಿತ್ತು, ಆದರೆ ಹಿಡಿಯೋಕೆ ಅದಕ್ಕೆ ಸಿಕ್ಕಿದ್ದು ತೀರಾ ಕಡಿಮೆ ಮರ. ಸ್ಕ್ರೂ ಉದ್ದ 16 ಎಂಎಂ. ತಗಡಿನ ದಪ್ಪ, ಮೊನೆಯ ಭಾಗ ಕಳೆದರೆ ನಿಜವಾಗಿ ಮರ ಕಚ್ಚಿದ್ದು ಹತ್ತು ಹನ್ನೆರಡು ಎಂಎಂ.

ನಿಮ್ಮಲ್ಲಿ ಬೇರೆ ಥರ ಕಾಣಬಹುದು. ಸ್ಕ್ರೂ ಚೊಕ್ಕವಾಗಿ, ನಾರೇ ಇಲ್ಲದೆ ಬಂದಿದ್ದು ತೂತಿನ ಒಳಗೆ ಕಪ್ಪಾಗಿ ಮೆತ್ತಗಿದ್ದರೆ ಅಲ್ಲಿ ಮರ ಕೊಳೆತಿದೆ. ದಬ್ಬಳವನ್ನೋ ಸಣ್ಣ ಸ್ಕ್ರೂಡ್ರೈವರನ್ನೋ ಕೈಯಿಂದಲೇ ಒತ್ತಿ ನೋಡಿ. ಒಳ್ಳೆ ಮರದಲ್ಲಿ ಮೊನೆ ಒಂದೆರಡು ಎಂಎಂ ಹೋಗಿ ನಿಲ್ಲುತ್ತದೆ. ಕೊಳೆತದ್ದಾದರೆ ಸಲೀಸಾಗಿ ಇಳಿಯುತ್ತಲೇ ಹೋಗುತ್ತದೆ. ಅಂಥ ಜಾಗಕ್ಕೆ ಯಾವ ಬೋಲ್ಟ್ ಹಾಕಿದರೂ ಪ್ರಯೋಜನ ಇಲ್ಲ, ಪುಟ್ಟಿ ತುಂಬಿದರೂ ಇಲ್ಲ. ಆ ತುಂಡು ಹಲಗೆಯನ್ನೇ ಕತ್ತರಿಸಿ ಹೊಸದು ಕೂರಿಸಬೇಕು. ಇನ್ನು ಹಲಗೆ ಉದ್ದಕ್ಕೆ ಸೀಳಿ, ಆ ಸೀಳು ಸ್ಕ್ರೂ ತೂತುಗಳನ್ನು ಒಂದೊಂದಾಗಿ ಮುಟ್ಟಿಕೊಂಡು ಹೋಗಿದ್ದರೆ, ಎಲ್ಲ ಸ್ಕ್ರೂ ಒಂದೇ ಎಳೆಯ ಸಾಲಿನಲ್ಲಿ ಬಿದ್ದಿವೆ, ಮೊದಲು ಸಣ್ಣ ತೂತು ಕೊರೆಯದೆ ಹಾಗೇ ತಿರುಪಿದ್ದಾರೆ ಅಂತ ಅರ್ಥ. ಸ್ಕ್ರೂ ಹಲಗೆಯಲ್ಲೇ ಉಳಿದು ಕೊಂಡಿಯ ಬಳೆ ಮಾತ್ರ ತಗಡಿನಿಂದ ಕಿತ್ತಿದ್ದರೆ ಸಾಮಾನೇ ಕಳಪೆ. ಕೊಂಡಿಯನ್ನು ತಿರುಗಿಸಿ ಹಿಂಭಾಗ ನೋಡಿ. ಬಳೆಯ ಕಾಲುಗಳನ್ನು ಸುಮ್ನೆ ತೂರಿಸಿ ತುದಿ ಬಡಿದು ಅಗಲ ಮಾಡಿದ್ದರೆ ಅದನ್ನು ಮತ್ತೆ ಹಾಕಬೇಡಿ.

ಮೀಟೋದು ಅಂದರೆ ನಿಜಕ್ಕೂ ಏನಾಗುತ್ತದೆ

ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕೆಂದರೆ ಇದು ಗೊತ್ತಾಗದೆ ನಾನು ಒಂದು ವಾರ ತಪ್ಪು ರಿಪೇರಿ ಮಾಡಿಕೊಂಡು ಕೂತಿದ್ದೆ. ಎರಡು ಅಡಿ ಉದ್ದದ ಸಲಾಕೆ, ಅಂದರೆ ಸುಮಾರು 600 ಎಂಎಂ. ಅದರ ಮೊನೆಯಿಂದ 30 ಎಂಎಂ ದೂರದಲ್ಲಿ ಹಲಗೆಗೆ ಆನಿಸಿ ಇನ್ನೊಂದು ತುದಿ ಒತ್ತಿದರೆ ಕೈಯ ಬಲ ಮೊನೆಯಲ್ಲಿ ಸುಮಾರು 20 ಪಟ್ಟು ಆಗುತ್ತದೆ. 20 ಕೆಜಿ ಭಾರದಷ್ಟು ಒತ್ತೋದು ಯಾರಿಗೂ ಕಷ್ಟವಲ್ಲ. ಮೊನೆಯಲ್ಲಿ ಅದು ಹತ್ತಿರ ಹತ್ತಿರ 400 ಕೆಜಿ.

ಅದೂ ನಾಲ್ಕು ಸ್ಕ್ರೂಗೆ ಹಂಚಿಕೊಂಡು ಬರೋದಿಲ್ಲ. ಸಲಾಕೆ ತಗಡಿನ ಒಂದು ಅಂಚನ್ನು ಎತ್ತುತ್ತದೆ. ಆ ಅಂಚಿನ ಸ್ಕ್ರೂ ಮೊದಲು ಒಂಟಿಯಾಗಿ ಎಲ್ಲ ಭಾರ ಹೊತ್ತು ಕಿತ್ತುಬರುತ್ತದೆ, ಆಮೇಲೆ ಪಕ್ಕದ್ದು, ಆಮೇಲೆ ಅದರ ಪಕ್ಕದ್ದು. ಬಾಳೆಹಣ್ಣಿನ ಸಿಪ್ಪೆ ಸುಲಿದ ಹಾಗೆ. ಹಾಗಾಗಿ ನಾಲ್ಕರ ಬದಲು ಆರು ಸ್ಕ್ರೂ ಹಾಕಿದರೂ ದೊಡ್ಡ ಲಾಭ ಇಲ್ಲ.

ಸ್ಕ್ರೂವನ್ನು ಅಡ್ಡಕ್ಕೆ ಕತ್ತರಿಸೋದು ಕಷ್ಟ, ನೆಟ್ಟಗೆ ಹೊರಗೆ ಎಳೆಯೋದು ಸುಲಭ. ಮೀಟುವವನು ಎಳೆಯೋದು ಆ ಸುಲಭದ ದಿಕ್ಕಿಗೇ. ತಲೆ ಸವೆಸಿದ ಸ್ಕ್ರೂ, ಒಂದೇ ಕಡೆ ತಿರುಗುವ ಸ್ಕ್ರೂ ಹಾಕಿ ಅಂತ ಜಾಸ್ತಿ ಜನ ಹೇಳುತ್ತಾರೆ. ಬಿಚ್ಚೋದನ್ನು ಅವು ತಡೆಯುತ್ತವೆ, ಅದು ನಿಜ. ಮೀಟೋದನ್ನು ಒಂದಿಷ್ಟೂ ತಡೆಯೋಲ್ಲ.

ನಾನು ಮೊದಲು ಮಾಡಿದ್ದು ಉದ್ದ ಸ್ಕ್ರೂ ಹಾಕೋದು. ಹಳೇ ಜಾಗದಲ್ಲೇ 30 ಎಂಎಂ ಸ್ಕ್ರೂ ತಿರುಪಿದೆ. 20 ಎಂಎಂ ಹಲಗೆಯಿಂದ ಮೊನೆ ಒಳಗಡೆ ಹೊರಬಂತು. ಹಿಂದೆ ಮರ ಇಲ್ಲದ ಮೇಲೆ ಸ್ಕ್ರೂ ಎಷ್ಟು ಉದ್ದ ಇದ್ದರೇನು, ಅದು ಕಚ್ಚೋದು 20 ಎಂಎಂ ಮಾತ್ರ ಅಲ್ವಾ? ಚಾಚಿದ ಮೊನೆಗೆ ತಮ್ಮನ ಅಂಗೈ ಗೀರಿತು, ಅಷ್ಟೇ ಆಗಿದ್ದು.

ಕೊಂಡಿಯ ಜಾಗ ಮತ್ತು ಆರುಪಾರು ಬೋಲ್ಟ್

ಮದ್ದು ಏನಪ್ಪ ಅಂದರೆ, ಕೊಂಡಿಯನ್ನು ಮರಕ್ಕೆ ಕಚ್ಚಿಸೋ ಬದಲು ಮರದ ಹಿಂದಿರುವ ಕಬ್ಬಿಣಕ್ಕೆ ಕಟ್ಟಬೇಕು. ಬೋಲ್ಟ್ ಹಲಗೆ ತೂರಿ ಆಚೆ ಹೋಗಬೇಕು, ಅಲ್ಲಿ ಒಂದು ಪಟ್ಟಿ, ಅದರ ಮೇಲೆ ನಟ್. ಆಗ ಕೊಂಡಿ ಹೊರಗೆ ಬರಬೇಕಾದರೆ ಆ ಪಟ್ಟಿಯೇ ಮರ ಸೀಳಿಕೊಂಡು ಬರಬೇಕು.

ಮೊದಲು ಜಾಗ ಬದಲಿಸಿದೆ. ಹಳೇ ಹ್ಯಾಸ್ಪ್ ಕೈಗೆ ಸಿಗೋ ಎತ್ತರದಲ್ಲಿ ಬರೀ ಹಲಗೆಯ ಮೇಲಿತ್ತು, ಮಧ್ಯದ ಅಡ್ಡಪಟ್ಟಿ ಅದಕ್ಕಿಂತ ಒಂದು ಗೇಣು ಕೆಳಗೆ. ಹೊಸದನ್ನು ಅಡ್ಡಪಟ್ಟಿಯ ಎದುರಿಗೇ ತಂದೆ. ಈಗ ಬೋಲ್ಟಿನ ಹಿಂದೆ 20 ಎಂಎಂ ಬದಲು 40 ಎಂಎಂ ಮರ ಇದೆ. ಅಡ್ಡಪಟ್ಟಿಯ ಎಳೆ ಅಡ್ಡಕ್ಕೆ, ಹಲಗೆಯ ಎಳೆ ಉದ್ದಕ್ಕೆ, ಹಾಗಾಗಿ ಒಂದು ಸೀಳಿದರೂ ಇನ್ನೊಂದು ಹಿಡಿಯುತ್ತದೆ.

ಹ್ಯಾಸ್ಪ್ ಆರಿಸುವಾಗ ಒಂದೇ ಒಂದು ನೋಡಿ: ಪಟ್ಟಿ ಮುಚ್ಚಿದ ಮೇಲೆ ಎಲ್ಲ ಬೋಲ್ಟಿನ ತಲೆ ಅದರ ಅಡಿ ಅಡಗಬೇಕು, ಹಿಂಜಿನ ಕಡೆಯದೂ ಸೇರಿ. ನಾನು 3 ಎಂಎಂ ದಪ್ಪ ತಗಡಿನದು ತಂದೆ. ಬೋಲ್ಟ್ 6 ಎಂಎಂ. ಉದ್ದ ಲೆಕ್ಕ ಹಾಕೋದು ಸುಲಭ. ಹ್ಯಾಸ್ಪ್ 3, ಹಲಗೆ 20, ಅಡ್ಡಪಟ್ಟಿ 20, ಹಿಂದಿನ ಕಬ್ಬಿಣದ ಪಟ್ಟಿ 3, ನಟ್ 6. ಒಟ್ಟು 52. 60 ಎಂಎಂ ಬೋಲ್ಟ್ ತಂದು ಮಿಕ್ಕಿದ್ದನ್ನು ಆಮೇಲೆ ಕತ್ತರಿಸಿದೆ.

ಬೋಲ್ಟಿನ ತಲೆ ವಿಷಯದಲ್ಲಿ ನಾನು ಒಮ್ಮೆ ಎಡವಿದೆ. ಹೊರಗಿನಿಂದ ತಿರುಗಿಸೋಕೆ ಆಗದ ಗುಂಡು ತಲೆಯ ಕ್ಯಾರಿಯೇಜ್ ಬೋಲ್ಟ್ ಎಲ್ಲ ಕಡೆ ಹಾಕೋಣ ಅಂದುಕೊಂಡಿದ್ದೆ. ಅದರ ತಲೆ ಉಬ್ಬಿರುತ್ತದೆ, ಮಡಚು ಪಟ್ಟಿ ಅದರ ಮೇಲೆ ಕೂತು ಬಾಗಿಲಿಗೆ ಅಂಟದೆ ಎದ್ದು ನಿಂತಿತು. ಸಲಾಕೆ ತೂರಿಸೋಕೆ ನಾನೇ ಸಂದಿ ಮಾಡಿಕೊಟ್ಟ ಹಾಗಾಯ್ತು. ಅದಕ್ಕೆ ಪಟ್ಟಿಯ ಅಡಿ ಬರುವ ಕಡೆ ತಲೆ ತಗಡಿನೊಳಗೆ ಸಮ ಕೂರುವ ಚಪ್ಪಟೆ ತಲೆಯ ಬೋಲ್ಟ್ ಹಾಕಿ. ಅದಕ್ಕೆ ಸ್ಕ್ರೂಡ್ರೈವರ್ ಗೀರು ಇದ್ದರೂ ಚಿಂತೆಯಿಲ್ಲ, ಬೀಗ ತೆಗೆಯದೆ ಅದು ಕಾಣೋದೇ ಇಲ್ಲ. ಗುಂಡು ತಲೆಯದು ಹೊರಗೆ ಕಾಣುವ ಜಾಗಕ್ಕೆ.

ಗುರುತು ಹಾಕೋ ಕ್ರಮ ಹೀಗೆ. ಎರಡೂ ಕದ ಮುಚ್ಚಿ. ಹ್ಯಾಸ್ಪನ್ನು ಕೊಂಡಿಗೆ ಸಿಕ್ಕಿಸಿ, ಬೀಗವನ್ನೂ ಹಾಕಿ, ಇಡೀ ಜೋಡಿಯನ್ನು ಬಾಗಿಲ ಮೇಲೆ ಹಿಡಿದು ಆಮೇಲೆ ಪೆನ್ಸಿಲ್ ಗುರುತು ಮಾಡಿ. ಬಿಡಿಬಿಡಿಯಾಗಿ ಗುರುತು ಮಾಡಿದರೆ ಎರಡು ಎಂಎಂ ಆಚೀಚೆ ಆಗಿ ಪಟ್ಟಿ ಕೊಂಡಿಗೆ ಬಿಗಿಯಾಗುತ್ತದೆ, ಇಲ್ಲವೇ ಲಡಬಡ ಅನ್ನುತ್ತದೆ. ತೂತು ಕೊರೆಯುವಾಗ ಡ್ರಿಲ್ ನೆಟ್ಟಗಿರಲಿ. ಆಚೆ ಬದಿಯಲ್ಲಿ ಮೊನೆ ಇಣುಕಿದ ತಕ್ಷಣ ನಿಲ್ಲಿಸಿ, ಆ ಕಡೆಯಿಂದ ಪೂರ್ತಿ ಮಾಡಿ. ಇಲ್ಲದಿದ್ದರೆ ಅಡ್ಡಪಟ್ಟಿಯ ಮುಖದಿಂದ ಒಂದು ಚಕ್ಕೆ ಎದ್ದುಹೋಗುತ್ತದೆ, ಹಿಂದಿನ ಪಟ್ಟಿ ಸರಿಯಾಗಿ ಕೂರೋದಿಲ್ಲ.

ಹಿಂದಿನ ಪಟ್ಟಿ 3 ಎಂಎಂ ದಪ್ಪದ ಕಬ್ಬಿಣದ್ದು, ಆಯಾ ಕದದ ಎಲ್ಲ ಬೋಲ್ಟ್ ತೂತುಗಳೂ ಒಂದೇ ತುಂಡಿನಲ್ಲಿ, ಅಂಚಿಗೆ ಎಲ್ಲ ಕಡೆ 20 ಎಂಎಂ ಬಿಟ್ಟು. ಬರೀ ಸಣ್ಣ ವಾಷರ್ ಹಾಕಿದರೆ ಎಳೆದಾಗ ಅದು ಮರದೊಳಗೆ ಹೂತುಹೋಗುತ್ತದೆ. ಒಂದೇ ತುಂಡಿನ ಪಟ್ಟಿ ಒಂದು ಬೋಲ್ಟಿನ ಮೇಲೆ ಬಿದ್ದ ಭಾರವನ್ನು ಪಕ್ಕದ ಬೋಲ್ಟಿಗೂ ದಾಟಿಸುತ್ತದೆ. ಸಿಪ್ಪೆ ಸುಲಿದ ಹಾಗೆ ಆಗೋದು ಇಲ್ಲಿಗೆ ನಿಲ್ಲುತ್ತದೆ. ಪಟ್ಟಿ ಸಿಗದಿದ್ದರೆ 25 ಎಂಎಂ ಅಗಲದ ದೊಡ್ಡ ವಾಷರ್ ಹಾಕಿ, ಅದು ಎರಡನೇ ಆಯ್ಕೆ. ನಟ್ ಒಳಗೆ ನೈಲಾನ್ ಬಳೆ ಇರುವಂಥದ್ದು ಒಳ್ಳೆಯದು, ಬಾಗಿಲು ದಿನಾ ಬಡಿದರೂ ಸಡಿಲ ಆಗೋಲ್ಲ. ಬಿಗಿದಾದ ಮೇಲೆ ಹೆಚ್ಚಿನ ಬೋಲ್ಟನ್ನು ಹ್ಯಾಕ್ಸಾದಲ್ಲಿ ಕತ್ತರಿಸಿ ಅರದಿಂದ ಉಜ್ಜಿ. ನಟ್ ಆಚೆ ಒಂದೆರಡು ಸುತ್ತು ಉಳಿದರೆ ಸಾಕು.

ಕೊಂಡಿ ಗಟ್ಟಿಯಾಯ್ತು, ಬಾಗಿಲು ಮತ್ತೆ ತೆರೆಯಿತು

ಇದನ್ನು ಮಾಡಿ ಖುಷಿಯಿಂದ ಪರೀಕ್ಷೆ ಮಾಡೋಕೆ ಹೋದೆ. ತಮ್ಮನನ್ನು ಟಾರ್ಚ್ ಕೊಟ್ಟು ಒಳಗೆ ನಿಲ್ಲಿಸಿ, ಎಡಕದದ ಟವರ್ ಬೋಲ್ಟ್ ಹಾಕಿಸಿ, ಹೊರಗಿನಿಂದ ಬೀಗ ಹಾಕಿದೆ. ಎರಡು ಕದ ಸೇರುವ ಜಾಗದಲ್ಲಿ, ಕೆಳಗೆ, ಸಲಾಕೆ ಇಟ್ಟು ಮೆಲ್ಲಗೆ ಒತ್ತಿದೆ.

"ಅಣ್ಣಾ, ಕೊಂಡಿ ಅಲ್ಲಾಡ್ತಿಲ್ಲ. ಆದ್ರೆ ಕೆಳಗಿನ ಬೋಲ್ಟು ತೂತಿಂದ ಎದ್ದು ಬರ್ತಿದೆ, ನೋಡು" ಅಂತ ಕೂಗಿದ. ಅವನು ಹೇಳಿ ಮುಗಿಸೋದರೊಳಗೆ ಎರಡೂ ಕದ ಒಟ್ಟಿಗೇ ಹೊರಗೆ ಬಂದವು, ಹ್ಯಾಸ್ಪ್, ಕೊಂಡಿ, ಬೀಗ ಎಲ್ಲ ಭದ್ರವಾಗಿ ಒಂದಕ್ಕೊಂದು ಅಂಟಿಕೊಂಡೇ.

ಎರಡು ಕದದ ಬಾಗಿಲಲ್ಲಿ ಇದನ್ನು ಯಾರೂ ನೋಡೋಲ್ಲ. ಹ್ಯಾಸ್ಪ್ ಮಾಡೋದು ಕದಗಳನ್ನು ಒಂದಕ್ಕೊಂದು ಕಟ್ಟೋದು ಅಷ್ಟೇ. ಅವನ್ನು ನೆಲಕ್ಕೂ ಚೌಕಟ್ಟಿಗೂ ಕಟ್ಟೋದು ಟವರ್ ಬೋಲ್ಟ್.

ಸರಳು ಎಷ್ಟು ಇಳಿಯುತ್ತಿದೆ ಅಂತ ತಿಳಿಯೋಕೆ ಸುಲಭ ದಾರಿ ಇದೆ. ಬೋಲ್ಟ್ ಪೂರ್ತಿ ಎತ್ತಿ ಸರಳಿನ ಮೇಲೆ ಪೆನ್ಸಿಲ್ಲಿನಿಂದ ಗುರುತು ಹಾಕಿ. ಪೂರ್ತಿ ಇಳಿಸಿ ಮತ್ತೆ ಗುರುತು ಹಾಕಿ. ನಡುವಿನ ದೂರ ಅಳೆಯಿರಿ. ಅದರಿಂದ ಕದದ ಅಡಿಗೂ ನೆಲಕ್ಕೂ ಇರುವ ಸಂದಿ ಕಳೆಯಿರಿ. ಉಳಿದಿದ್ದು ಮಾತ್ರ ತೂತಿನೊಳಗೆ ಇರುವ ಸರಳು. ನನ್ನದು ಓಡುವ ದೂರ 25 ಎಂಎಂ ಇರಬೇಕಿತ್ತು, ಸಂದಿ 15, ಅಂದರೆ ಎಲ್ಲ ಸರಿ ಇದ್ದರೂ 10 ಎಂಎಂ. ತೂತಿಗೆ ಕಡ್ಡಿ ಹಾಕಿ ನೋಡಿದರೆ ಮಣ್ಣು ಗಟ್ಟಿಯಾಗಿ ತುಂಬಿ 4 ಎಂಎಂ ಆಳ ಮಾತ್ರ ಉಳಿದಿತ್ತು. ಸರಳು ಅಷ್ಟಕ್ಕೇ ನಿಂತು, ಹಿಡಿಕೆ ತನ್ನ ಕಚ್ಚಿನೊಳಗೆ ಬೀಳದೆ ಅರ್ಧದಲ್ಲೇ ಇರುತ್ತಿತ್ತು. ಹಿಡಿಕೆ ಪಕ್ಕಕ್ಕೆ ತಿರುಗಿ ಕೂರದಿದ್ದರೆ ಸರಳು ಪೂರ್ತಿ ಇಳಿದಿಲ್ಲ ಅಂತಲೇ ತಿಳಿಯಿರಿ. ಸಾಮಾನ್ಯವಾಗಿ ನಾವು ಕಾಲಿಂದ ಒಂದು ಒದೆ ಕೊಟ್ಟು ಸುಮ್ಮನಾಗುತ್ತೇವೆ.

ಕೆಳಗಡೆಗೆ 12 ಎಂಎಂ ಸರಳಿನ, 60 ಎಂಎಂ ಓಡುವ ಬೋಲ್ಟ್ ಹಾಕಿದೆ. ಸಂದಿ ಕಳೆದು 45 ಎಂಎಂ ನೆಲದೊಳಗೆ ಇಳಿಯುತ್ತದೆ. ಕಾಂಕ್ರೀಟಿನಲ್ಲಿ 14 ಎಂಎಂ ಬಿಟ್‌ನಿಂದ 70 ಎಂಎಂ ಆಳ ಕೊರೆದೆ. ಸರಳಿಗೆ ಬೇಕಾದ್ದಕ್ಕಿಂತ ಆಳ ಯಾಕೆ ಅಂದರೆ ಮಣ್ಣು ಬಿದ್ದೇ ಬೀಳುತ್ತದೆ, ಅದು ಕೂತುಕೊಳ್ಳೋಕೆ ಅಡಿಯಲ್ಲಿ ಜಾಗ ಬೇಕು. ಆದರೂ ಆಗಾಗ ಕಡ್ಡಿ ಹಾಕಿ ಕೆದಕುತ್ತೇನೆ. ನೆಲ ಮಣ್ಣಿನದಾದರೆ ಬರೀ ತೂತು ನಿಲ್ಲೋಲ್ಲ. ಒಂದು ತುಂಡು ಕಬ್ಬಿಣದ ಪೈಪನ್ನು ಕಾಂಕ್ರೀಟ್ ಹಾಕಿ ಹೂಳಬೇಕು.

ಮೇಲಿನ ಬೋಲ್ಟ್ ಚೌಕಟ್ಟಿನ ಅಡ್ಡಮರದೊಳಗೆ ಕೊರೆದ ತೂತಿಗೆ ಹೋಗುತ್ತದೆ. ತೂತು ಮರದ ಹೊರ ಅಂಚಿಗೆ ಹತ್ತಿರ ಇದ್ದರೆ ಎಳೆದಾಗ ಅಂಚೇ ಸೀಳುತ್ತದೆ. ನನ್ನ ಬೋಲ್ಟ್ ಅಡ್ಡಪಟ್ಟಿಯ ಮೇಲೆ ಕೂರುವುದರಿಂದ ತೂತು ಹೊರಮುಖದಿಂದ 45 ಎಂಎಂ ಒಳಗೆ ಬಿತ್ತು, ಒಳ್ಳೆಯದೇ ಆಯಿತು. ಬೋಲ್ಟ್ 200 ಎಂಎಂ ಉದ್ದ, ಅಡ್ಡಪಟ್ಟಿ ಅಷ್ಟು ಅಗಲ ಇಲ್ಲ. ಅದರ ಪಕ್ಕಕ್ಕೆ ಅದೇ ದಪ್ಪದ ಮರದ ತುಂಡು ಸೇರಿಸಿ ಸಮ ಮಾಡಿಕೊಂಡೆ.

ಇನ್ನು ಈ ಬೋಲ್ಟನ್ನು ಕದಕ್ಕೆ ಕೂರಿಸೋ ವಿಷಯ. ಅದು ಒಳಗಡೆ ಇದೆ, ಕಳ್ಳನ ಕೈಗೆ ಸಿಗೋಲ್ಲ, ಹಾಗಾಗಿ ಸ್ಕ್ರೂ ಸಾಕು ಅನಿಸುತ್ತದೆ. ಆದರೆ ಬಲ ಯಾವ ಕಡೆಗೆ ಬೀಳುತ್ತದೆ ಅಂತ ಯೋಚಿಸಿ. ಮೀಟಿದಾಗ ಕದ ಹೊರಗೆ ಹೋಗುತ್ತದೆ. ಸರಳನ್ನು ನೆಲ ಹಿಡಿದಿದೆ, ಅದು ಹೋಗೋಲ್ಲ. ಅಂದರೆ ಕದವೇ ಬೋಲ್ಟನ್ನು ಬಿಟ್ಟು ಹೊರಗೆ ಹೋಗೋಕೆ ನೋಡುತ್ತದೆ, ಸ್ಕ್ರೂಗಳು ಮತ್ತೆ ಅದೇ ಸುಲಭದ ದಿಕ್ಕಿಗೆ, ನೆಟ್ಟಗೆ, ಕಿತ್ತುಬರುತ್ತವೆ. ಹೊರಗಿನ ಕೊಂಡಿಗೆ ಆಗಿದ್ದೇ ಒಳಗೂ ಆಗುತ್ತದೆ. ಅದಕ್ಕೆ ಇಲ್ಲಿಯೂ ಆರುಪಾರು ಬೋಲ್ಟ್ ಬೇಕು. ಗುಂಡು ತಲೆ ಹೊರಗೆ, ಅದರ ಕತ್ತಿನ ಚೌಕ ಭಾಗ ಮರದೊಳಗೆ ಇಳಿದು ತಿರುಗದ ಹಾಗೆ ಕಚ್ಚಿಕೊಳ್ಳುತ್ತದೆ, ನಟ್ ಒಳಗಡೆ ಟವರ್ ಬೋಲ್ಟಿನ ತಗಡಿನ ಮೇಲೆ. ನಾನು ಎಲ್ಲ ತೂತಿಗೂ ಹಾಕಲಿಲ್ಲ. ಸರಳು ಹೊರಬರುವ ತುದಿಯ ಎರಡಕ್ಕೆ, ಇನ್ನೊಂದು ತುದಿಯ ಎರಡಕ್ಕೆ ಹಾಕಿದೆ. ಉಳಿದವು ಸ್ಕ್ರೂ.

ಎರಡನೇ ಪರೀಕ್ಷೆ

ಮತ್ತೆ ತಮ್ಮ ಒಳಗೆ, ನಾನು ಹೊರಗೆ. ಈ ಸಲ ಕೆಳಗೆ ಒತ್ತಿದಾಗ ಬಾಗಿಲು ಸ್ವಲ್ಪ ಬಾಗಿ ನಿಂತಿತು. ಸಲಾಕೆಯ ಮೊನೆ ಹಲಗೆಯ ಅಂಚನ್ನು ಜಜ್ಜಿತು, ಬೇರೇನೂ ಆಗಲಿಲ್ಲ. ಆದರೆ ಮೊನೆ ಅಷ್ಟು ಸಲೀಸಾಗಿ ಒಳಗೆ ಹೋಗಿದ್ದೇ ನನಗೆ ಸರಿಬರಲಿಲ್ಲ. ಕದಗಳ ನಡುವೆ 8 ಎಂಎಂ ಸಂದಿ ಇತ್ತು. ಬಲಕದದ ಅಂಚಿಗೆ ಉದ್ದಕ್ಕೂ ಒಂದು ಮರದ ಪಟ್ಟಿ ಹೊಡೆದು, ಅದು ಎಡಕದದ ಮೇಲೆ 25 ಎಂಎಂ ಚಾಚುವ ಹಾಗೆ ಮಾಡಿದೆ. ಹ್ಯಾಸ್ಪ್ ಬರುವ ಜಾಗದಲ್ಲಿ ಮಾತ್ರ ಕತ್ತರಿಸಿ ಬಿಟ್ಟೆ. ಸ್ಕ್ರೂ ಒಳಗಡೆಯಿಂದ ಹಾಕಿ, ಇಲ್ಲದಿದ್ದರೆ ಮೊದಲು ಪಟ್ಟಿಯನ್ನೇ ಬಿಚ್ಚುತ್ತಾರೆ.

ಬಲಕದದ ಮೇಲಿನ ಮೂಲೆ ಇನ್ನೂ ಬಾಗುತ್ತಿತ್ತು. ಅದಕ್ಕೆ ಒಳಗಿನ ಬೋಲ್ಟ್ ಹಾಕೋಕೆ ಆಗೋಲ್ಲ, ಹೊರಗೆ ಬಂದ ಮೇಲೆ ಹಾಕೋರು ಯಾರು? ಎಳೆದು ನೋಡಿ, ಮೂಲೆ ಬೆರಳು ತೂರುವಷ್ಟು ಬಾಗಿದರೆ ಅಡ್ಡಪಟ್ಟಿಗಳ ನಡುವೆ ಮೂಲೆಯಿಂದ ಮೂಲೆಗೆ ಒಂದು ಓರೆಪಟ್ಟಿ ಹಾಕಿ, ಇಲ್ಲವೇ ಒಂದು ಹ್ಯಾಸ್ಪ್ ಬದಲು ಮೇಲಿನ ಮತ್ತು ಕೆಳಗಿನ ಅಡ್ಡಪಟ್ಟಿಯ ಎತ್ತರಕ್ಕೆ ಎರಡು ಹಾಕಿ. ನಾನು ಓರೆಪಟ್ಟಿ ಹಾಕಿದೆ, ಸಾಕಾಯ್ತು.

ಹಿಂಜ್ ಕಡೆಯನ್ನೂ ಒಮ್ಮೆ ನೋಡಿ. ಹೊರಗೆ ತೆರೆಯುವ ಬಾಗಿಲಲ್ಲಿ ಹಿಂಜಿನ ಸ್ಕ್ರೂ ಹೊರಗೇ ಕಾಣುತ್ತಿದ್ದರೆ ಪ್ರತಿ ಹಿಂಜಿನ ಕದದ ಭಾಗದಲ್ಲಿ ಒಂದೊಂದು ಸ್ಕ್ರೂ ತೆಗೆದು ಗುಂಡು ತಲೆಯ ಬೋಲ್ಟ್ ಹಾಕಿ. ಚೌಕಟ್ಟಿನ ಕಡೆಯೂ ಆಗುವಂತಿದ್ದರೆ ಹಾಗೇ ಮಾಡಿ.

ಬೀಗದ ಬಗ್ಗೆ ಒಂದೇ ಮಾತು. ಅದರ ಬಳೆ ಕೊಂಡಿಯ ತೂತನ್ನು ತುಂಬುವಷ್ಟು ದಪ್ಪ ಇರಲಿ, ಬೀಗ ಹಾಕಿದ ಮೇಲೆ ಪಟ್ಟಿಗೂ ಬೀಗಕ್ಕೂ ನಡುವೆ ಬೆರಳು ತೂರದಿರಲಿ. ಬೆರಳು ತೂರಿದರೆ ಸಲಾಕೆಯೂ ತೂರುತ್ತದೆ. ಆಗ ಕೊಂಡಿ ಗಟ್ಟಿಯಿದ್ದರೂ ಬೀಗದ ಬಳೆಯನ್ನೇ ತಿರುಚಿ ಮುರಿಯಬಹುದು. ಹ್ಯಾಕ್ಸಾ, ಕಟರ್ ತಂದವನಿಗೆ ಇಲ್ಲಿ ಹೇಳಿದ್ದು ಯಾವುದೂ ಉತ್ತರವಲ್ಲ. ಮೀಟೋಕೆ ಬಂದವನಿಗೆ ಮಾತ್ರ ಇದು.

ಮೊದಲ ಮಳೆ ಕಳೆದ ಮೇಲೆ ಎಲ್ಲ ನಟ್ ಇನ್ನೊಮ್ಮೆ ಬಿಗಿಯಿರಿ. ಮರ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ, ಹಿಂದಿನ ಪಟ್ಟಿಯ ಅಡಿ ಸಣ್ಣ ಸಡಿಲ ಉಳಿಯುತ್ತದೆ. ನನ್ನ ಬಾಗಿಲಲ್ಲಿ ಪ್ರತಿ ನಟ್ ಸುಮಾರು ಅರ್ಧ ಸುತ್ತು ತಿರುಗಿತು.